ಹಬ್ಬದ ಬ್ರೋಷರಿನಲ್ಲಿ ಮನೆಯ ನಿಜವಾದ ಬೆಲೆ

ಪಿತೃಪಕ್ಷದ ಹದಿನೈದು ದಿನ ಬೆಂಗಳೂರಿನ ಬಿಲ್ಡರ್‌ಗಳ ಮಾರಾಟ ಕಚೇರಿಗಳಲ್ಲಿ ವ್ಯವಹಾರ ಮಂದ. ಮನೆ ನೋಡಲು ಬಂದವರೂ ಟೋಕನ್ ಹಣ ಕೊಡಲು ಹಿಂಜರಿಯುತ್ತಾರೆ. ಮಹಾಲಯ ಅಮಾವಾಸ್ಯೆ ಕಳೆದದ್ದೇ ತಡ, ನವರಾತ್ರಿಯಿಂದ ದೀಪಾವಳಿಯವರೆಗೆ ದಿನಪತ್ರಿಕೆಗಳ ಮಡಿಕೆಯೊಳಗಿಂದ ಹೊಳಪಿನ ಕಾಗದಗಳು ಜಾರಿ ಬೀಳತೊಡಗುತ್ತವೆ. ಮಾವಿನ ತೋರಣ, ದೀಪದ ಸಾಲು, ನಡುವೆ ದಪ್ಪಕ್ಷರದಲ್ಲಿ ಒಂದು ಬೆಲೆ. ಜೀವಮಾನದ ಉಳಿತಾಯವನ್ನು ಹಾಕಿ, ಇಪ್ಪತ್ತು ವರ್ಷದ ಸಾಲ ಹೊರಲು ಹೊರಟ ಕುಟುಂಬವೊಂದರ ಲೆಕ್ಕಾಚಾರ ಶುರುವಾಗುವುದು ಆ ಒಂದು ಸಂಖ್ಯೆಯಿಂದ. ಆದ್ದರಿಂದ ಅದನ್ನು ಬರೆಯುವವರ ಹೊಣೆ ದೊಡ್ಡದು.

ಲೆಕ್ಕಕ್ಕಾಗಿ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಕಟ್ಟಡ ಇನ್ನೂ ಏಳುತ್ತಿದೆ. ಎರಡು ಕೋಣೆಯ ಫ್ಲಾಟ್, ಐದನೇ ಮಹಡಿ, 1,200 ಚದರಡಿ. ಬ್ರೋಷರಿನ ಮುಖಪುಟದಲ್ಲಿ ‘ಚದರಡಿಗೆ ಕೇವಲ 6,000 ರೂ.’ ಎಂದಿದೆ. ಓದಿದವರು ಮನಸ್ಸಿನಲ್ಲೇ ಗುಣಿಸಿ 72 ಲಕ್ಷ ಎಂದುಕೊಳ್ಳುತ್ತಾರೆ. ಮಾರಾಟ ಕಚೇರಿಯಲ್ಲಿ ಕೈಗೆ ಬರುವ ಬೆಲೆಪಟ್ಟಿಯಲ್ಲಿ ಮಹಡಿಯ ಹೆಚ್ಚುವರಿ ದರ 1.2 ಲಕ್ಷ, ಮುಚ್ಚಿದ ಕಾರ್ ಪಾರ್ಕಿಂಗ್ 4 ಲಕ್ಷ, ಕ್ಲಬ್‌ಹೌಸ್ 2.5 ಲಕ್ಷ, ನೀರು ಮತ್ತು ವಿದ್ಯುತ್ ಸಂಪರ್ಕಕ್ಕೆ 2 ಲಕ್ಷ ಸೇರಿ ಮೊತ್ತ 81.7 ಲಕ್ಷಕ್ಕೆ ಏರುತ್ತದೆ. ಅದರ ಮೇಲೆ ಶೇ 5 ಜಿಎಸ್‌ಟಿ, ಅಂದರೆ 4,08,500 ರೂ. ಆಮೇಲೆ ಮುದ್ರಾಂಕ ಶುಲ್ಕ ಮತ್ತು ನೋಂದಣಿ. ಕರ್ನಾಟಕದ ನಗರಗಳಲ್ಲಿ 45 ಲಕ್ಷ ಮೀರಿದ ಮನೆಗೆ ಮುದ್ರಾಂಕ ಶುಲ್ಕ ಸೆಸ್, ಸರ್ಚಾರ್ಜ್ ಸೇರಿ ಶೇ 5.6, ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1 ಇದ್ದದ್ದು ಶೇ 2 ಆಗಿದೆ. ಎರಡಕ್ಕೂ ಕೂಡಿ ಸುಮಾರು 6.2 ಲಕ್ಷ. ಮನೆಯ ಕೀಲಿ ಕೈಸೇರುವ ಹೊತ್ತಿಗೆ ಖರ್ಚು 92 ಲಕ್ಷದ ಹತ್ತಿರ. ನಿರ್ವಹಣೆಯ ಮುಂಗಡ ಇದಕ್ಕೆ ಸೇರಿಲ್ಲ.

ಇಲ್ಲಿ ಬಿಲ್ಡರ್ ಹೇಳಿದ ಯಾವ ಮಾತೂ ಸುಳ್ಳಲ್ಲ. ಆದರೂ 72 ಲಕ್ಷಕ್ಕೆ ಬ್ಯಾಂಕಿನ ಸಾಲ ಲೆಕ್ಕಹಾಕಿಕೊಂಡು ಬಂದವರಿಗೆ 20 ಲಕ್ಷದ ಕೊರತೆ ಎದುರಾಗುತ್ತದೆ. ಅದು ಗೊತ್ತಾಗುವುದು ಟೋಕನ್ ಕೊಟ್ಟ ಮೇಲೆ.

ಇನ್ನೊಂದು ತೊಡಕು 1,200 ಎಂಬ ಸಂಖ್ಯೆಯಲ್ಲೇ ಇದೆ. ಅದು ಸೂಪರ್ ಬಿಲ್ಟ್‌ಅಪ್ ವಿಸ್ತೀರ್ಣ. ಮೆಟ್ಟಿಲು, ಲಿಫ್ಟು, ಮೊಗಸಾಲೆಯ ಪಾಲೂ ಅದರೊಳಗಿದೆ. ಗೋಡೆಗಳೊಳಗೆ ಚಾಪೆ ಹಾಸಬಹುದಾದ ಜಾಗ, ಅಂದರೆ ಕಾರ್ಪೆಟ್ ವಿಸ್ತೀರ್ಣ, ಈ ಮನೆಯಲ್ಲಿ 820 ಚದರಡಿ ಎಂದಿಟ್ಟುಕೊಳ್ಳೋಣ. 2016ರ ರೇರಾ ಕಾಯ್ದೆ ಕಾರ್ಪೆಟ್ ವಿಸ್ತೀರ್ಣ ಎಂದರೇನು ಎಂಬುದನ್ನು ನಿಖರವಾಗಿ ಹೇಳಿದೆ: ಒಳಗಿನ ಅಡ್ಡಗೋಡೆಗಳು ಸೇರುತ್ತವೆ, ಹೊರಗೋಡೆ, ಬಾಲ್ಕನಿ, ತೆರೆದ ತಾರಸಿ ಸೇರುವುದಿಲ್ಲ. ತೆರಿಗೆಗೆ ಮುಂಚಿನ 81.7 ಲಕ್ಷವನ್ನು 820ರಿಂದ ಭಾಗಿಸಿದರೆ ಚದರಡಿಗೆ ಸುಮಾರು 9,960 ರೂ. ಆಗುತ್ತದೆ. ಪಕ್ಕದ ಬಡಾವಣೆಯ ಇನ್ನೊಂದು ಫ್ಲಾಟಿನ ಜತೆ ಹೋಲಿಸಲು ಆಧಾರವಾಗುವುದು ಈ ಸಂಖ್ಯೆಯೇ. ಹಬ್ಬದ ಬ್ರೋಷರಿಗೆ ದಪ್ಪಕ್ಷರ ಬೇಕೇ ಬೇಕು ಎಂದಾದರೆ, ಅದು ಸಲ್ಲಬೇಕಾದದ್ದು ‘820 ಚದರಡಿ ಕಾರ್ಪೆಟ್, 81.7 ಲಕ್ಷ, ತೆರಿಗೆ ಮತ್ತು ನೋಂದಣಿ ಸೇರಿ ಸುಮಾರು 92 ಲಕ್ಷ’ ಎಂಬ ಸಾಲಿಗೆ.

ರಿಯಾಯಿತಿಯ ಮಾತಿಗೆ ಬರೋಣ. ‘ದಸರಾ ಕೊಡುಗೆ: 5 ಲಕ್ಷ ಉಳಿತಾಯ’ ಎಂದು ಬರೆಯುವ ಮುನ್ನ ಕಾಪಿರೈಟರ್ ಮಾರಾಟ ವಿಭಾಗಕ್ಕೆ ಒಂದು ಪ್ರಶ್ನೆ ಕೇಳಬೇಕು: ಯಾವ ಬೆಲೆಯಿಂದ ಕಳೆದು 5 ಲಕ್ಷ? ಆಗಸ್ಟಿನಲ್ಲಿ ಚದರಡಿಗೆ 6,000ದಂತೆ ಮಾರಿದ ಮನೆಯ ದರವನ್ನು ಸೆಪ್ಟೆಂಬರಿನಲ್ಲಿ 6,400ಕ್ಕೆ ಏರಿಸಿದರೆ ಫ್ಲಾಟಿಗೆ 4.8 ಲಕ್ಷ ಹೆಚ್ಚಾಯಿತು. ಅಕ್ಟೋಬರಿನಲ್ಲಿ ಕಳೆಯುವ 5 ಲಕ್ಷದಲ್ಲಿ ಕೊಳ್ಳುವವರಿಗೆ ನಿಜವಾಗಿ ದಕ್ಕಿದ್ದು 20 ಸಾವಿರ. ಹಳೆಯ ದರದಲ್ಲಿ ನಿಜಕ್ಕೂ ಮನೆಗಳು ಮಾರಾಟವಾಗಿದ್ದರೆ ಮಾತ್ರ ಅದನ್ನು ‘ಹಿಂದಿನ ಬೆಲೆ’ ಎನ್ನಬಹುದು, ಪಕ್ಕದಲ್ಲಿ ತಿಂಗಳನ್ನೂ ನಮೂದಿಸಬೇಕು.

‘ಜಿಎಸ್‌ಟಿ ಇಲ್ಲ’ ಎಂಬುದು ಇನ್ನೂ ಎಚ್ಚರ ಬೇಡುವ ಮಾತು. ಸ್ವಾಧೀನಾನುಭವ ಪತ್ರ, ಜನರ ಬಾಯಲ್ಲಿ ಓಸಿ, ಬಂದ ಮೇಲೆ ಮಾರುವ ಮನೆಗೆ ಜಿಎಸ್‌ಟಿ ಇರುವುದಿಲ್ಲ. ಅಲ್ಲಿ ಅದು ಕೊಡುಗೆಯಲ್ಲ, ಕಾನೂನು. ಕಟ್ಟುತ್ತಿರುವ ಮನೆಗೆ ತೆರಿಗೆ ಇದ್ದೇ ಇದೆ, ಬಿಲ್ಡರ್ ಅದನ್ನು ಮನ್ನಾ ಮಾಡಲಾರ. ಅಷ್ಟು ಹಣವನ್ನು ಅವರೇ ಭರಿಸುತ್ತಾರಾದರೆ ‘ಜಿಎಸ್‌ಟಿಯ ಮೊತ್ತಕ್ಕೆ ಸಮನಾಗಿ ಬೆಲೆಯಲ್ಲಿ ಕಡಿತ’ ಎಂದು ರೂಪಾಯಿಯಲ್ಲಿ ಬರೆದರೆ ಗೊಂದಲ ಇರದು. ಚಿನ್ನದ ನಾಣ್ಯದ ಕೊಡುಗೆಗೂ ಹಾಗೆಯೇ ಎಷ್ಟು ಗ್ರಾಂ, ಯಾವಾಗ ಕೈಗೆ, ಬೇಡವೆಂದರೆ ಬೆಲೆಯಲ್ಲಿ ಎಷ್ಟು ಇಳಿಕೆ ಎಂಬುದು ಬೇಕು.

ಆತುರ ಹುಟ್ಟಿಸುವ ಮಾತುಗಳ ಪೈಕಿ ಹೆಚ್ಚು ಕಾಣುವುದು ‘ಕೊನೆಯ 3 ಮನೆಗಳು ಮಾತ್ರ’. ಇದನ್ನು ಮನೆಯಲ್ಲೇ ಕೂತು ಪರೀಕ್ಷಿಸಬಹುದು. ಎಷ್ಟು ಫ್ಲಾಟ್ ಬುಕ್ ಆಗಿವೆ ಎಂಬ ಮಾಹಿತಿಯನ್ನು ಬಿಲ್ಡರ್ ಮೂರು ತಿಂಗಳಿಗೊಮ್ಮೆ ರೇರಾ ಜಾಲತಾಣಕ್ಕೆ ಕೊಡಬೇಕು ಎಂದು ಕಾಯ್ದೆಯ 11ನೇ ಸೆಕ್ಷನ್ ಹೇಳುತ್ತದೆ. ಜಾಹೀರಾತಿನಲ್ಲಿ ನೋಂದಣಿ ಸಂಖ್ಯೆ ಮತ್ತು ಜಾಲತಾಣದ ವಿಳಾಸ ಇರಬೇಕೆನ್ನುವುದೂ ಅದೇ ಸೆಕ್ಷನ್. PRM/KA/RERA ಎಂದು ಶುರುವಾಗುವ ಆ ಸಂಖ್ಯೆಯನ್ನು rera.karnataka.gov.in ನಲ್ಲಿ ಹುಡುಕಿದಾಗ 120 ಮನೆಗಳಲ್ಲಿ 45 ಇನ್ನೂ ಖಾಲಿ ಎಂದು ಕಂಡರೆ, ‘ಕೊನೆಯ 3’ ಎಂದರೆ ಏನೆಂದು ಕೇಳಲೇಬೇಕು. ಪೂರ್ವಕ್ಕೆ ಮುಖಮಾಡಿದ ಎರಡು ಕೋಣೆಯ ಮನೆ ಮೂರೇ ಉಳಿದಿರಬಹುದು. ಹಾಗಿದ್ದರೆ ‘ಪೂರ್ವಾಭಿಮುಖದ ಎರಡು ಕೋಣೆಯ ಮನೆಗಳು ಅಕ್ಟೋಬರ್ 1ರಂದು 3 ಉಳಿದಿದ್ದವು’ ಎಂದು ಬರೆಯಲಿ, ಯಾರದೂ ತಕರಾರಿಲ್ಲ.

ಇನ್ನು ಪುಟದಂಚಿನ ನಕ್ಷತ್ರ ಚಿಹ್ನೆ. ಮೇಲೆ ಕನ್ನಡದಲ್ಲಿ ‘ಕೀಲಿ ಸಿಗುವವರೆಗೆ ಇಎಂಐ ಇಲ್ಲ*’, ಕೆಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಇಂಗ್ಲಿಷಿನಲ್ಲಿ ‘ಷರತ್ತುಗಳು ಅನ್ವಯ’. ಕೇಂದ್ರೀಯ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಭರವಸೆ ಯಾವ ಭಾಷೆಯಲ್ಲಿದೆಯೋ ಅದರ ಷರತ್ತೂ ಅದೇ ಭಾಷೆಯಲ್ಲಿ, ಅದೇ ಅಕ್ಷರದಲ್ಲಿ, ಎದ್ದು ಕಾಣುವಂತೆ ಇರಬೇಕು. ಷರತ್ತು ಭರವಸೆಗೆ ವಿರುದ್ಧ ಹೋಗಬಾರದು. ಇಎಂಐ ಕೊಡುಗೆಯಲ್ಲಿ ಸಾಲ ಇರುವುದು ಕೊಳ್ಳುವವರ ಹೆಸರಿನಲ್ಲಿ. ಬಿಲ್ಡರ್ ಬಡ್ಡಿ ಕಟ್ಟುವುದನ್ನು ನಿಲ್ಲಿಸಿದರೆ ಬ್ಯಾಂಕಿನ ನೋಟಿಸ್ ಬರುವುದು ಅವರ ಮನೆಗೇ. ಈ ವಾಕ್ಯ ಕೊಡುಗೆಯ ಪಕ್ಕದಲ್ಲೇ ಅಚ್ಚಾಗಬೇಕು.

ಬ್ರೋಷರಿನ ಮಾತಿಗೆ ಕಾನೂನಿನಲ್ಲಿ ತೂಕವಿದೆ. ಜಾಹೀರಾತಿನ ತಪ್ಪು ಮಾಹಿತಿ ನಂಬಿ ಹಣ ಕೊಟ್ಟು ನಷ್ಟವಾದವರಿಗೆ ಪರಿಹಾರ ಕೊಡಬೇಕು, ಅವರು ಯೋಜನೆಯಿಂದ ಹಿಂದೆ ಸರಿಯಬಯಸಿದರೆ ಹಣವನ್ನು ಬಡ್ಡಿಸಮೇತ ಮರಳಿಸಬೇಕು ಎನ್ನುತ್ತದೆ ರೇರಾದ 12ನೇ ಸೆಕ್ಷನ್. ನೋಂದಾಯಿತ ಮಾರಾಟ ಒಪ್ಪಂದವಿಲ್ಲದೆ ಬೆಲೆಯ ಶೇ 10ಕ್ಕಿಂತ ಹೆಚ್ಚು ಹಣ ಪಡೆಯುವಂತಿಲ್ಲ ಎನ್ನುತ್ತದೆ 13ನೆಯದು. ಹಾಗಾಗಿ ಹಬ್ಬದ ಬ್ರೋಷರನ್ನು ಮಡಿಚಿ ಫೈಲಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

‘ಇಂದೇ ಬುಕ್ ಮಾಡಿ, ನಾಳೆ ಬೆಲೆ ಏರುತ್ತದೆ’ ಎಂಬ ಜಾಗದಲ್ಲಿ ಹೀಗೆ ಬರೆಯಬಹುದು: ‘ಈ ಬೆಲೆ ಅಕ್ಟೋಬರ್ 1ರಿಂದ ನವೆಂಬರ್ 15ರವರೆಗೆ. ಬುಕಿಂಗ್ ಮೊತ್ತ 1 ಲಕ್ಷ; 15 ದಿನದೊಳಗೆ ಬೇಡವೆಂದರೆ ಪೂರ್ತಿ ವಾಪಸ್. ಒಪ್ಪಂದದ ಕರಡು ಕಚೇರಿಯಲ್ಲಿದೆ. ಮನೆಗೆ ಕೊಂಡೊಯ್ದು, ವಕೀಲರಿಗೆ ತೋರಿಸಿ ಬನ್ನಿ.’