'ಬ್ಯಾಕ್' ಎಲ್ಲಿಂದ ಬಂತು?

ಸ್ಟಾಫ್ ಸೆಲೆಕ್ಷನ್ ಕಮಿಷನ್ನಿನಂಥ ಪರೀಕ್ಷೆಗಳ ಇಂಗ್ಲಿಷ್ ಭಾಗದಲ್ಲಿ 'ಸೆಂಟೆನ್ಸ್ ಇಂಪ್ರೂವ್‌ಮೆಂಟ್' ಎಂಬ ಬಗೆಯ ಪ್ರಶ್ನೆಗಳಿರುತ್ತವೆ. ಒಂದು ವಾಕ್ಯ, ಅದರ ಒಂದು ತುಂಡಿಗೆ ಅಡಿಗೆರೆ, ಕೆಳಗೆ ನಾಲ್ಕು ಆಯ್ಕೆ. ಒಂದು ಆಯ್ಕೆ ಸಾಮಾನ್ಯವಾಗಿ 'ನೋ ಇಂಪ್ರೂವ್‌ಮೆಂಟ್', ಅಂದರೆ ಇದ್ದದ್ದೇ ಸರಿ. ಹೇಳಿದ್ದನ್ನೇ ಹೇಳುವ ದೋಷದ ಪ್ರಶ್ನೆ ಬಂದಾಗ ನಮ್ಮಲ್ಲಿ ಅನೇಕರ ಕೈ ನೇರವಾಗಿ ಅಲ್ಲಿಗೇ ಹೋಗುತ್ತದೆ. ಕಿವಿಗೆ ಏನೂ ತಪ್ಪು ಕೇಳಿಸಿರುವುದಿಲ್ಲ.

ಒಂದು ಪ್ರಶ್ನೆಯನ್ನು ನಾವೇ ಕಟ್ಟಿಕೊಳ್ಳೋಣ. 'ಯೂ ಮಸ್ಟ್ ರಿಟರ್ನ್ ಬ್ಯಾಕ್ ದಿ ಬುಕ್ ಬೈ ಮಂಡೇ.' ಅಡಿಗೆರೆ ಇರುವುದು 'ರಿಟರ್ನ್ ಬ್ಯಾಕ್ ದಿ ಬುಕ್' ಎಂಬಲ್ಲಿ. ಆಯ್ಕೆಗಳು: 'ರಿಟರ್ನ್ ದಿ ಬುಕ್ ಬ್ಯಾಕ್', 'ರಿಟರ್ನ್ ಬ್ಯಾಕ್ ಟು ದಿ ಬುಕ್', 'ರಿಟರ್ನ್ ದಿ ಬುಕ್', ಕೊನೆಗೆ 'ನೋ ಇಂಪ್ರೂವ್‌ಮೆಂಟ್'. ಏನೋ ಸರಿಯಿಲ್ಲ ಎಂದು ಅನುಮಾನ ಬಂದವರನ್ನೂ ಮೊದಲ ಆಯ್ಕೆ ಹಿಡಿದು ನಿಲ್ಲಿಸುತ್ತದೆ. ಅಲ್ಲಿ 'ಬ್ಯಾಕ್' ಜಾಗ ಬದಲಿಸಿದೆ, ಹೋಗಿಲ್ಲ. ಎರಡನೆಯದು ಅರ್ಥವನ್ನೇ ಕೆಡಿಸಿ, ಪುಸ್ತಕದ ಕಡೆಗೆ ಮರಳು ಎನ್ನುತ್ತದೆ. ಉಳಿಯುವುದು ಮೂರನೆಯದು.

ಈ 'ಬ್ಯಾಕ್' ಬಂದದ್ದು ನಮ್ಮ ಮನೆಯಿಂದಲೇ. ಕನ್ನಡದ 'ಕೊಡು' ಯಾವ ದಿಕ್ಕನ್ನೂ ಹೇಳುವುದಿಲ್ಲ, ಹಾಗಾಗಿ 'ವಾಪಸ್ ಕೊಡು' ಎನ್ನಬೇಕಾಗುತ್ತದೆ. ಇಂಗ್ಲಿಷಿನ 'ಗಿವ್' ಕೂಡ ಅಂಥದ್ದೇ. 'ಗಿವ್ ಬ್ಯಾಕ್' ಸರಿಯಾದ ಇಂಗ್ಲಿಷ್. 'ರಿಟರ್ನ್' ಬೇರೆ. ಅದರ ಮೊದಲಿನ 'ರಿ' ಲ್ಯಾಟಿನ್ನಿನಿಂದ ಬಂದದ್ದು, ಹಿಂದಕ್ಕೆ ಎಂಬುದೇ ಅದರ ಅರ್ಥ. ನಮ್ಮ 'ಹಿಂದಿರುಗು' ಎಂಬುದರೊಳಗೆ 'ಹಿಂದೆ' ಅಡಗಿರುವ ಹಾಗೆ. ಆದರೂ ನಾವು 'ವಾಪಸ್ ಹಿಂದಿರುಗಿದರು' ಎಂದು ಸಲೀಸಾಗಿ ಬರೆಯುತ್ತೇವಲ್ಲ!

ಹಾಗೆಂದು 'ರಿ' ಕಂಡಲ್ಲೆಲ್ಲ 'ಬ್ಯಾಕ್' ಕತ್ತರಿಸಲು ಹೊರಡಬಾರದು. 'ರಿಪೋರ್ಟ್ ಬ್ಯಾಕ್' ಎಂದರೆ ಹೋಗಿ ನೋಡಿಕೊಂಡು ಬಂದು, ಕಳಿಸಿದವರಿಗೆ ವರದಿ ಒಪ್ಪಿಸುವುದು. ಬರೀ 'ರಿಪೋರ್ಟ್' ಎಂದರೆ ಅಷ್ಟು ಅರ್ಥ ಹೊರಡುವುದಿಲ್ಲ. ಅನುಮಾನದ ಪದವನ್ನು ಹೆಬ್ಬೆರಳಿನಿಂದ ಮುಚ್ಚಿ ವಾಕ್ಯ ಓದಿ ನೋಡುವುದೇ ಇಲ್ಲಿನ ಪರೀಕ್ಷೆ. ಅರ್ಥ ಎಳ್ಳಷ್ಟೂ ಕದಲದಿದ್ದರೆ ಆ ಪದ ಹೆಚ್ಚಿನದು. 'ರಿಪೀಟ್ ಅಗೇನ್', 'ರಿವರ್ಟ್ ಬ್ಯಾಕ್' ಎರಡನ್ನೂ ಹೀಗೆ ಓದಿ ನೋಡಿ.

'ಮೋರ್ ಬೆಟರ್' ಮಾತ್ರ ಹೆಬ್ಬೆರಳಿಗೆ ಪೂರ್ತಿ ಸಿಗುವುದಿಲ್ಲ. ಕನ್ನಡದಲ್ಲಿ ಹೋಲಿಸುವಾಗ 'ಒಳ್ಳೆಯ' ಎಂಬ ಪದದ ರೂಪ ಬದಲಾಗುವುದಿಲ್ಲ. 'ಅದಕ್ಕಿಂತ', 'ಇನ್ನೂ' ಎಂಬ ಹೊರಗಿನ ಪದಗಳೇ ಆ ಕೆಲಸ ಮಾಡುತ್ತವೆ. ಆ 'ಇನ್ನೂ' ಎಂಬುದನ್ನೇ ನಾವು 'ಮೋರ್' ಮಾಡಿ 'ಬೆಟರ್' ಮುಂದೆ ಕೂರಿಸುತ್ತೇವೆ. ಆದರೆ 'ಗುಡ್' ಎಂಬುದು 'ಬೆಟರ್' ಆದಾಗಲೇ ಹೋಲಿಕೆ ಮುಗಿದಿದೆ. 'ದಿಸ್ ರೋಡ್ ಈಸ್ ಮೋರ್ ಬೆಟರ್ ದ್ಯಾನ್ ದ್ಯಾಟ್' ಎಂಬ ವಾಕ್ಯಕ್ಕೆ 'ಮೋರ್ ಗುಡ್' ಮತ್ತು 'ಮಚ್ ಬೆಟರ್' ಎಂಬ ಆಯ್ಕೆಗಳಿದ್ದರೆ, ಎರಡರಲ್ಲೊಂದನ್ನು ತೆಗೆಯಬೇಕು ಎಂದಷ್ಟೇ ಕಲಿತವರು 'ಬೆಟರ್' ತೆಗೆದು 'ಮೋರ್' ಉಳಿಸಿಕೊಳ್ಳುತ್ತಾರೆ. ಸರಿ ಉತ್ತರ 'ಮಚ್ ಬೆಟರ್'. 'ಮಚ್' ಹೋಲಿಸುವುದಿಲ್ಲ, ಹೋಲಿಕೆಯ ಅಂತರ ಎಷ್ಟೆಂದು ಹೇಳುತ್ತದೆ; 'ಫಾರ್', 'ಈವನ್' ಕೂಡ ಹಾಗೆಯೇ. 'ಸುಪೀರಿಯರ್', 'ಪ್ರಿಫರಬಲ್' ಪದಗಳ ಮೊದಲೂ 'ಮೋರ್' ಬೇಡ, ನಂತರ 'ದ್ಯಾನ್' ಬದಲು 'ಟು' ಬರಬೇಕು.

ಒಂದು ಕಡೆ ಮಾತ್ರ 'ಮೋರ್ ಬೆಟರ್' ನಿಲ್ಲುತ್ತದೆ. 'ವಿ ನೀಡ್ ಮೋರ್ ಬೆಟರ್ ಟೀಚರ್ಸ್' ಎಂಬಲ್ಲಿ 'ಮೋರ್' ಶಿಕ್ಷಕರ ಸಂಖ್ಯೆಯನ್ನು ಹೇಳುತ್ತಿರಬಹುದು: ಉತ್ತಮ ಶಿಕ್ಷಕರೇ, ಇನ್ನೂ ಹೆಚ್ಚು ಮಂದಿ.

ಜೋಡಿ ಹೋಲಿಕೆ ತಪ್ಪು ಎಂಬುದು ಅನಾದಿ ಕಾಲದ ನಿಯಮವೂ ಅಲ್ಲ. ಶೇಕ್ಸ್‌ಪಿಯರ್ 'ಜೂಲಿಯಸ್ ಸೀಸರ್' ನಾಟಕದಲ್ಲಿ ಇಂಥ ಜೋಡಿ ರೂಪವನ್ನು ಒತ್ತಿಗಾಗಿ ಬಳಸಿದ್ದಾನೆ. ಅದನ್ನು ದೋಷವೆಂದು ಬರೆದವರಲ್ಲಿ 1762ರಲ್ಲಿ ಇಂಗ್ಲಿಷ್ ವ್ಯಾಕರಣ ಪ್ರಕಟಿಸಿದ ರಾಬರ್ಟ್ ಲೌತ್ ಪ್ರಮುಖ. ನಮ್ಮ 'ಉತ್ತಮ' ಎಂಬುದರ 'ತಮ' ಸಂಸ್ಕೃತದಲ್ಲಿ ಎಲ್ಲಕ್ಕಿಂತ ಮೇಲು ಎಂದೇ ಹೇಳುತ್ತದೆ; ನಾವು 'ಅತ್ಯುತ್ತಮ' ಎಂದು ಅದರ ಮೇಲೂ ಒಂದು ಅಟ್ಟ ಕಟ್ಟಿದ್ದೇವೆ, ಯಾರೂ ಅಂಕ ಕಳೆಯುವುದಿಲ್ಲ.

'ಕಸಿನ್ ಬ್ರದರ್' ಎಂಬುದನ್ನೂ ಹೇಳಿದ್ದನ್ನೇ ಹೇಳುವ ದೋಷಕ್ಕೆ ಸೇರಿಸುವ ಪರೀಕ್ಷಕರ ಮೇಲೆ ಮಾತ್ರ ನನಗೆ ಸ್ವಲ್ಪ ಮುನಿಸು. ಬರೀ 'ಕಸಿನ್' ಎಂದರೆ ಗಂಡೋ ಹೆಣ್ಣೋ ತಿಳಿಯದು, ಹೆಬ್ಬೆರಳಿಟ್ಟರೆ ಅರ್ಥ ಖಂಡಿತ ಕದಲುತ್ತದೆ. ಮೇಲಾಗಿ ನಮಗೆ ದೊಡ್ಡಪ್ಪನ ಮಗ ಅಣ್ಣ, ಸೋದರಮಾವನ ಮಗ ಭಾವ; ಇಬ್ಬರನ್ನೂ ಒಂದೇ ಪದಕ್ಕೆ ತುರುಕಲು ಮನಸ್ಸು ಬರುವುದಿಲ್ಲ. ಆದರೂ ಆಯ್ಕೆಗಳಲ್ಲಿ ಬರೀ 'ಕಸಿನ್' ಇದ್ದರೆ ಅದಕ್ಕೇ ಗುರುತು ಹಾಕಿ.