ಹಾಡಿಗೆ ಮೊದಲು ನಾಲ್ಕು ಮಾತು

ಕಾಲೇಜು ಸಾಂಸ್ಕೃತಿಕ ಉತ್ಸವದ ಸಂಜೆಯಲ್ಲಿ ಎಲ್ಲರ ಕಿವಿಯೂ ಒಟ್ಟಾಗಿ ತೆರೆದಿರುವ ಗಳಿಗೆ ಒಂದೇ: ನಾಡಗೀತೆ ಮುಗಿದು ಜನ ಕುಳಿತುಕೊಳ್ಳುವಾಗ. ಸ್ವಾಗತ ಭಾಷಣಕ್ಕೆ ಸಿಗುವುದೂ ಅದೇ ಗಳಿಗೆ. ಅದನ್ನು ನಾವು ‘ವೇದಿಕೆಯ ಮೇಲೆ ಆಸೀನರಾಗಿರುವ’ ಎಂಬ ಪಟ್ಟಿಗೆ ಖರ್ಚು ಮಾಡುತ್ತೇವೆ. ಪಟ್ಟಿ ಅರ್ಧಕ್ಕೆ ಬರುವಷ್ಟರಲ್ಲಿ ಹಿಂದಿನ ಸಾಲುಗಳಲ್ಲಿ ಮೊಬೈಲ್ ಬೆಳಕು ಮೂಡಿರುತ್ತದೆ. ತಲೆಮಾರುಗಳ ಹಾಡಿನ ಸಂಜೆಗೆ ಈ ನಷ್ಟ ದೊಡ್ಡದು. ಅಲ್ಲಿ ಅಜ್ಜಿಯೂ ಬಂದಿರುತ್ತಾರೆ, ಮೊದಲ ವರ್ಷದ ಹುಡುಗನೂ ಬಂದಿರುತ್ತಾನೆ. ಇಬ್ಬರನ್ನೂ ಒಂದೇ ಹಾಡಿನೊಳಗೆ ಕರೆದೊಯ್ಯುವ ದಾರಿ ತೋರಿಸುವುದು ಈ ಭಾಷಣದ ಕೆಲಸ.

ದಾರಿ ನಾಡಗೀತೆಯಿಂದಲೇ ಶುರುವಾಗುತ್ತದೆ. ಮೈಸೂರು ಅನಂತಸ್ವಾಮಿ ಅವರ ಧಾಟಿಯಲ್ಲಿ, ಎರಡೂವರೆ ನಿಮಿಷದಲ್ಲಿ ನಾಡಗೀತೆ ಹಾಡಬೇಕೆಂದು ಸರ್ಕಾರ ಗೊತ್ತುಮಾಡಿದ್ದು 2022ರಲ್ಲಿ. ಅನಂತಸ್ವಾಮಿ ತೀರಿಕೊಂಡದ್ದು 1995ರಲ್ಲಿ. ಸಭಾಂಗಣದ ವಿದ್ಯಾರ್ಥಿಗಳು ಹುಟ್ಟುವ ಮೊದಲೇ ಹೋದವರ ಸ್ವರ ಅವರ ಬಾಯಲ್ಲಿ ಈಗಷ್ಟೇ ಹಾದುಹೋಗಿದೆ. ಸ್ವಾಗತಿಸುವವರು ಇಷ್ಟನ್ನು ಹೇಳಿದರೆ ಸಾಕು, ‘ತಲೆಮಾರು’ ಎಂಬುದನ್ನು ಬೇರೆ ವಿವರಿಸಬೇಕಿಲ್ಲ.

ಇನ್ನು ಹಾಡುಗಳು. ಸಂಜೆಯಲ್ಲಿ ನಾಲ್ಕು ಇವೆ ಎಂದಿಟ್ಟುಕೊಳ್ಳೋಣ: ಶಿಶುನಾಳ ಶರೀಫರ ಒಂದು ತತ್ವಪದ, ನಿಸಾರ್ ಅಹಮದ್ ಅವರ ‘ನಿತ್ಯೋತ್ಸವ’, ‘ಪ್ರೇಮಲೋಕ’ದ ಒಂದು ಗೀತೆ, ‘ಮುಂಗಾರು ಮಳೆ’ಗೆ ಜಯಂತ ಕಾಯ್ಕಿಣಿ ಬರೆದ ಹಾಡು. ಪ್ರತಿ ಹಾಡಿಗೂ ಬರೆದವರು, ರಾಗ ಹಾಕಿದವರು, ಹಾಡಿದವರು ಎಂದು ಮೂರು ಹೆಸರು ಗೊತ್ತಿರಬೇಕು. ಎಡವುವುದು ಇಲ್ಲಿಯೇ. ಚಿತ್ರಗೀತೆಯೆಂದರೆ ನಾಯಕನ ಹೆಸರು ಹೇಳಿಬಿಡುತ್ತಾರೆ, ಭಾವಗೀತೆಯೆಂದರೆ ಕವಿಯ ಹೆಸರಷ್ಟೇ ಹೇಳಿ ಸಂಯೋಜಕನನ್ನು ಮರೆಯುತ್ತಾರೆ. ಶರೀಫರು 1889ರಲ್ಲಿ ತೀರಿಕೊಂಡರು, ಅವರ ದನಿ ಯಾವ ಧ್ವನಿಮುದ್ರಣದಲ್ಲೂ ಇಲ್ಲ. ಭಜನೆಯವರ ಬಾಯಿಂದ ಬಾಯಿಗೆ ದಾಟಿದ ಆ ಪದಗಳನ್ನು ಪಟ್ಟಣದ ಮನೆಗಳಿಗೆ ತಲುಪಿಸಿದವರಲ್ಲಿ ಸಿ. ಅಶ್ವತ್ಥ್ ಮುಖ್ಯರು, 1990ರ ‘ಸಂತ ಶಿಶುನಾಳ ಶರೀಫ’ ಚಿತ್ರದ ಸಂಗೀತವೂ ಅವರದೇ. ಅಶ್ವತ್ಥರ ಹೆಸರಿಲ್ಲದೆ ಶರೀಫರ ಪದ ಎಂದಷ್ಟೇ ಹೇಳಿದರೆ ನಡುವಿನ ಒಂದು ತಲೆಮಾರೇ ಬಿಟ್ಟುಹೋಗುತ್ತದೆ.

‘ಹಳೆಯ ಹಾಡು, ಹೊಸ ಹಾಡು’ ಎಂಬ ಮಾತನ್ನು ನಾನಾದರೆ ಪೂರ್ತಿ ಬಿಡುತ್ತೇನೆ. ‘ಮುಂಗಾರು ಮಳೆ’ ತೆರೆಗೆ ಬಂದದ್ದು 2006ರ ಕೊನೆಯಲ್ಲಿ. ವಿದ್ಯಾರ್ಥಿಗಳು ತಮ್ಮದೆಂದುಕೊಂಡಿರುವ ಆ ಹಾಡು ಬಂದಾಗ ಅವರಲ್ಲಿ ಎಷ್ಟೋ ಮಂದಿ ತೊಟ್ಟಿಲಲ್ಲಿದ್ದರು, ಕೆಲವರು ಹುಟ್ಟಿರಲೇ ಇಲ್ಲ. ಅದನ್ನು ಮೊದಲು ಗುನುಗಿದವರು ಅವರ ಅಪ್ಪ ಅಮ್ಮ. ಆದ್ದರಿಂದಲೇ ಕಾಲಾನುಕ್ರಮವೂ ನನಗೆ ಒಪ್ಪಿಗೆಯಿಲ್ಲ. ಎಲ್ಲರಿಗೂ ಬಾಯಿಗೆ ಬರುವ ಹಾಡಿನಿಂದ ಹೊರಟು ಹಿಂದಕ್ಕೆ ನಡೆಯಬೇಕು, ಶರೀಫರು ಕೊನೆಗೆ ಬರಬೇಕು.

ಭಾಷಣ ಹೀಗೆ ಸಾಗಬಹುದು:

“ಎಲ್ಲರಿಗೂ ನಮಸ್ಕಾರ. ಈಗ ನಾವೆಲ್ಲ ಎದ್ದು ನಿಂತು ಹಾಡಿದ ಪದ ಕುವೆಂಪು ಅವರದು, ಧಾಟಿ ಮೈಸೂರು ಅನಂತಸ್ವಾಮಿ ಅವರದು. ಅನಂತಸ್ವಾಮಿಯವರನ್ನು ವೇದಿಕೆಯ ಮೇಲೆ ಕಂಡವರು ಈ ಸಭೆಯಲ್ಲಿದ್ದೀರಿ, ಹೆಸರನ್ನು ಇಂದೇ ಕೇಳಿದವರೂ ಇದ್ದೀರಿ. ಇಬ್ಬರಿಗೂ ಸ್ವಾಗತ. ಮೊದಲು ಜಯಂತ ಕಾಯ್ಕಿಣಿ ಬರೆದು, ಮನೋಮೂರ್ತಿ ರಾಗ ಹಾಕಿ, ಸೋನು ನಿಗಮ್ ಹಾಡಿದ ಗೀತೆ. ಅಪ್ಪ ಅಮ್ಮಂದಿರೇ, ಇದು ನಿಮ್ಮ ಪ್ರಾಯದ ಹಾಡು, ಮಕ್ಕಳ ಜೊತೆ ದನಿ ಸೇರಿಸಿ. ಆಮೇಲೆ 1987ರ ‘ಪ್ರೇಮಲೋಕ’: ಸಾಹಿತ್ಯ, ಸಂಗೀತ ಎರಡೂ ಹಂಸಲೇಖ ಅವರವು. ಅಲ್ಲಿಂದ ನಿಸಾರ್ ಅಹಮದ್ ಅವರ ‘ನಿತ್ಯೋತ್ಸವ’ಕ್ಕೆ ಹೋಗೋಣ. 1978ರಲ್ಲಿ ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ ಬಂದದ್ದು ಇದೇ ಹೆಸರಿನಲ್ಲಿ, ರಾಗ ಮತ್ತೆ ಅನಂತಸ್ವಾಮಿಯವರದೇ. ಕೊನೆಗೆ ಶಿಶುನಾಳ ಶರೀಫರ ಪದ; ಅವರ ಪದಗಳನ್ನು ಪಟ್ಟಣದ ಮನೆಗಳಿಗೆ ತಲುಪಿಸಿದವರಲ್ಲಿ ಸಿ. ಅಶ್ವತ್ಥ್ ಮುಖ್ಯರು. ಆ ಪದವನ್ನು ಮನೆಯಲ್ಲಿ, ಗುಡಿಯಲ್ಲಿ ಬೇರೆ ಧಾಟಿಯಲ್ಲಿ ಕೇಳಿದ ಹಿರಿಯರಿದ್ದರೆ ಕಾರ್ಯಕ್ರಮದ ನಂತರ ನಮ್ಮ ಹುಡುಗರಿಗೆ ಹಾಡಿ ತೋರಿಸಬೇಕೆಂದು ಬೇಡಿಕೊಳ್ಳುತ್ತೇನೆ.”

ಅತಿಥಿಗಳ ಹೆಸರು ಇದರ ನಂತರ ಬರಲಿ, ಒಬ್ಬೊಬ್ಬರಿಗೆ ಒಂದೇ ವಾಕ್ಯ. ಎಲ್ಲ ಸೇರಿ ನಾಲ್ಕು ನಿಮಿಷ ದಾಟಬಾರದು. ಗಡಿಯಾರ ಎದುರಿಟ್ಟು ಗಟ್ಟಿಯಾಗಿ ಓದಿ ನೋಡಿದರೆ ಗೊತ್ತಾಗುತ್ತದೆ; ಮನಸ್ಸಿನಲ್ಲಿ ಓದಿಕೊಂಡರೆ ಲೆಕ್ಕ ತಪ್ಪುತ್ತದೆ. ಹಾಡಿನ ಸಾಲುಗಳನ್ನು ಭಾಷಣದಲ್ಲಿ ಒಪ್ಪಿಸುವುದೂ ಬೇಡ. ಮೊದಲ ಸಾಲು ಗಾಯಕಿಯ ಬಾಯಿಂದ ಬಂದಾಗಲೇ ಸಭೆ ಅದನ್ನು ಗುರುತಿಸಿ ಚಪ್ಪಾಳೆ ತಟ್ಟಬೇಕು, ಆ ಸುಖವನ್ನು ಭಾಷಣ ಮಾಡುವವರು ಕಸಿದುಕೊಳ್ಳಬಾರದು.

ಉತ್ಸವದ ಸಮಿತಿಯವರಲ್ಲಿ ಒಂದು ವಿನಂತಿ. ಹಾಡುಗಳ ಪಟ್ಟಿಯನ್ನು ಸ್ವಾಗತ ಮಾಡುವ ವಿದ್ಯಾರ್ಥಿಯ ಕೈಗೆ ಒಂದು ವಾರ ಮುಂಚೆಯೇ ಕೊಡಿ, ಗಾಯಕರ ತಾಲೀಮಿಗೆ ಅವರನ್ನೂ ಕರೆಯಿರಿ.