ಹನ್ನೊಂದು ದೂರಿಗಿಂತ ತೂಕದ ಒಂದು ದೂರು

ಹೊಸ ಆ್ಯಪ್ ಜನರ ಕೈಸೇರುವ ಒಂದೆರಡು ವಾರ ಮುಂಚೆ, ಹಲವು ಸಾಫ್ಟ್‌ವೇರ್ ಕಂಪನಿಗಳಲ್ಲಿ ಎಲ್ಲರೂ ಸ್ವಲ್ಪ ಹೊತ್ತು ತಮ್ಮ ಕೆಲಸ ಬದಿಗಿಟ್ಟು ಅದರಲ್ಲಿ ತಪ್ಪು ಹುಡುಕಲು ಕೂರುತ್ತಾರೆ. ಲೆಕ್ಕಪತ್ರ ವಿಭಾಗದವರು, ಮಾರಾಟದವರು, ಗ್ರಾಹಕರ ಕರೆಗೆ ಉತ್ತರಿಸುವವರು, ಎಲ್ಲರೂ ಇರುತ್ತಾರೆ. ಇದಕ್ಕೆ ಬಗ್ ಬ್ಯಾಶ್ ಎನ್ನುತ್ತಾರೆ. ಟೆಸ್ಟರ್‌ಗಳಿಗೆ ಆ್ಯಪ್‌ನ ದಾರಿಯೆಲ್ಲ ಬಾಯಿಪಾಠ. ಎಲ್ಲಿ ಏನು ಒತ್ತಬೇಕೆಂದು ಅವರ ಬೆರಳಿಗೇ ಗೊತ್ತು. ಮೊದಲ ಸಲ ನೋಡುವವರು ತಡವರಿಸುತ್ತಾರೆ, ಹಿಂದೆ ಹೋಗುತ್ತಾರೆ, ನಡುವೆ ಬಂದ ಫೋನ್ ಕರೆಗೆ ಉತ್ತರಿಸುತ್ತಾರೆ. ತಪ್ಪುಗಳು ಹೊರಬೀಳುವುದು ಅಲ್ಲೇ.

ಬಸ್ ಟಿಕೆಟ್ ಕಾಯ್ದಿರಿಸುವ ಆ್ಯಪ್ ಒಂದನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಇಪ್ಪತ್ತು ಜನ, ಎರಡು ಗಂಟೆ. ಎಲ್ಲರಿಗೂ ಒಂದೇ ಬಿಲ್ಡ್ ಕೊಟ್ಟು, ಆ ಹೊತ್ತಿನಲ್ಲಿ ಅದನ್ನು ಬದಲಿಸಬಾರದು. ಬದಲಿಸಿದರೆ ಯಾವ ತಪ್ಪು ಯಾವುದರದ್ದೆಂದು ತಿಳಿಯುವುದಿಲ್ಲ. ಪ್ರತಿಯೊಬ್ಬರೂ ತಮ್ಮದೇ ಫೋನ್ ಬಳಸಬೇಕು, ಹಳೆಯದಾದರೆ ಇನ್ನೂ ಒಳ್ಳೆಯದು. ‘ಸುಮ್ಮನೆ ನೋಡಿ’ ಎಂದರೆ ಎಲ್ಲರೂ ಮೊದಲ ಪುಟದಲ್ಲೇ ನಿಲ್ಲುತ್ತಾರೆ. ಅದಕ್ಕೆ ಒಬ್ಬೊಬ್ಬರಿಗೆ ಒಂದೊಂದು ಕೆಲಸ ಹಂಚಬೇಕು: ನೀವು ಅಜ್ಜಿಗೆ ಕೆಳಗಿನ ಸೀಟು ಹುಡುಕಿ, ನೀವು ಹೆಸರನ್ನು ಕನ್ನಡದಲ್ಲಿ ಬರೆಯಿರಿ, ನೀವು ಟಿಕೆಟ್ ರದ್ದು ಮಾಡಿ ಹಣ ವಾಪಸ್ ಪಡೆಯಿರಿ. ಮೊದಲೇ ಗೊತ್ತಿರುವ ತಪ್ಪುಗಳ ಪಟ್ಟಿಯನ್ನೂ ಕೊಟ್ಟರೆ ಅವನ್ನೇ ಮತ್ತೆ ಬರೆಯುವುದು ತಪ್ಪುತ್ತದೆ.

ದೂರು ಬರೆಯುವ ನಮೂನೆಯಲ್ಲಿ ಮೂರೇ ಪ್ರಶ್ನೆ ಸಾಕು: ಏನು ಮಾಡಿದಿರಿ, ಏನಾಯಿತು, ಏನಾಗಬೇಕಿತ್ತು. ಜೊತೆಗೆ ಫೋನಿನ ಮಾದರಿ ಮತ್ತು ಸ್ಕ್ರೀನ್‌ಶಾಟ್. ಎಷ್ಟು ಗಂಭೀರ ಎಂದು ಅವರನ್ನು ಕೇಳಬಾರದು. ತನಗೆ ಕಿರಿಕಿರಿಯಾದದ್ದು ಪ್ರತಿಯೊಬ್ಬರಿಗೂ ಗಂಭೀರವೇ.

ಎರಡು ಗಂಟೆ ಮುಗಿಯುವಷ್ಟರಲ್ಲಿ ಅರವತ್ತು ದೂರು ಬಂದಿವೆ ಎನ್ನಿ. ಇವನ್ನು ವಿಂಗಡಿಸುವುದೇ ಟ್ರಯಾಜ್. ಅದೇ ದಿನ ಅಥವಾ ಮರುದಿನ ಬೆಳಿಗ್ಗೆ ಮೂವರು ಕೂರಬೇಕು: ಆ್ಯಪ್‌ನ ಹೊಣೆ ಹೊತ್ತವರು, ಒಬ್ಬ ಹಿರಿಯ ಡೆವಲಪರ್, ಒಬ್ಬ ಟೆಸ್ಟರ್. ಮೊದಲು ಒಂದೇ ತಪ್ಪಿನ ಬೇರೆ ಬೇರೆ ದೂರುಗಳನ್ನು ಒಟ್ಟುಗೂಡಿಸುತ್ತಾರೆ. ನಂತರ ಉಳಿದವನ್ನು ನಾಲ್ಕು ಗುಂಪು ಮಾಡುತ್ತಾರೆ: ಸರಿಪಡಿಸದೆ ಬಿಡುಗಡೆ ಮಾಡಲಾಗದವು, ಮೊದಲ ಅಪ್‌ಡೇಟ್‌ಗೆ ಬಿಡಬಹುದಾದವು, ಮುಂದೆ ನೋಡಬಹುದಾದವು, ತಪ್ಪಲ್ಲ ಸಲಹೆ ಎನ್ನುವಂಥವು. ಒಂದೊಂದಕ್ಕೆ ಎರಡು ನಿಮಿಷಕ್ಕಿಂತ ಹೆಚ್ಚು ಹಿಡಿದರೆ ಅದನ್ನು ಪಕ್ಕಕ್ಕಿಟ್ಟು ಮುಂದೆ ಸಾಗಬೇಕು. ಹೇಗೆ ಸರಿಪಡಿಸುವುದೆಂಬ ಚರ್ಚೆಗೆ ಅದು ಜಾಗವಲ್ಲ.

ಎಡವುವುದು ಇಲ್ಲೇ. ಮುಖಪುಟದ ಜಾಹೀರಾತು ಚಿತ್ರವು ಊರಿನ ಹೆಸರಿನ ಮೇಲೆ ಕೂತಿದೆ ಎಂದು ಹನ್ನೊಂದು ಜನ ಬರೆದಿದ್ದಾರೆ. ಲೆಕ್ಕಪತ್ರ ವಿಭಾಗದ ಒಬ್ಬರು ಮಾತ್ರ ‘ದುಡ್ಡು ಹೋಯಿತು, ಟಿಕೆಟ್ ಬರಲಿಲ್ಲ’ ಎಂದು ಬರೆದಿದ್ದಾರೆ. ಡೆವಲಪರ್ ತನ್ನ ಫೋನಿನಲ್ಲಿ ನೋಡಿದರೆ ಎಲ್ಲ ಸರಿಯಾಗಿದೆ. ‘ನನ್ನಲ್ಲಿ ಬರುತ್ತಿಲ್ಲ’ ಎಂದು ಮುಚ್ಚಿಬಿಡುವುದು ಸುಲಭ. ಆದರೆ ಮುಖಪುಟವನ್ನು ಎಲ್ಲರೂ ನೋಡುತ್ತಾರೆ, ಹಣ ಕಟ್ಟುವ ಕೊನೆಯ ಹಂತಕ್ಕೆ ಹೋಗುವವರು ಕೆಲವರೇ. ದೂರಿನ ಸಂಖ್ಯೆ ಹೇಳುವುದು ಎಷ್ಟು ಜನರ ಕಣ್ಣಿಗೆ ಬಿತ್ತು ಎಂಬುದನ್ನು ಮಾತ್ರ, ನಷ್ಟ ಎಷ್ಟೆಂಬುದನ್ನಲ್ಲ.

ಆದ್ದರಿಂದ ಟೆಸ್ಟರ್ ಆ ವ್ಯಕ್ತಿಯ ಬಳಿಗೇ ಹೋಗಿ, ಅವರ ಫೋನಿನಲ್ಲೇ ಮತ್ತೊಮ್ಮೆ ಮಾಡಿಸುತ್ತಾರೆ. ಮೆಮೊರಿ ಕಡಿಮೆಯಿರುವ ಹಳೆಯ ಫೋನ್ ಅದು. ಹಣ ಕಟ್ಟಲು ಯುಪಿಐ ಆ್ಯಪ್ ತೆರೆದೊಡನೆ ಫೋನು ಟಿಕೆಟ್ ಆ್ಯಪ್ ಅನ್ನು ಮುಚ್ಚಿಬಿಡುತ್ತದೆ. ಹಿಂತಿರುಗಿದಾಗ ಆ್ಯಪ್ ಹೊಸದಾಗಿ ಶುರುವಾಗಿ, ತಾನು ಪಾವತಿಗೆ ಕಾಯುತ್ತಿದ್ದೆ ಎಂಬುದನ್ನೇ ಮರೆತಿರುತ್ತದೆ. ಇದನ್ನು ಬೇರೆ ಆಂಡ್ರಾಯ್ಡ್ ಫೋನಿನಲ್ಲೂ ಪರೀಕ್ಷಿಸಬಹುದು: ಡೆವಲಪರ್ ಸೆಟ್ಟಿಂಗ್‌ನಲ್ಲಿ Don't keep activities ಆಯ್ಕೆಯನ್ನು ಆನ್ ಮಾಡಿದರೆ, ಬಿಟ್ಟುಹೋದ ಪರದೆಯನ್ನು ಫೋನು ತಕ್ಷಣ ಅಳಿಸುತ್ತದೆ. ಆಗ ಡೆವಲಪರ್ ಕಣ್ಣೆದುರೇ ತಪ್ಪು ಕಾಣಿಸುತ್ತದೆ. ಪರಿಹಾರ ಇರುವುದು ಸರ್ವರ್‌ನಲ್ಲಿ. ಹಣ ಸಂದಾಯವಾದ ಸುದ್ದಿಯನ್ನು ಅದು ಪಾವತಿ ಸಂಸ್ಥೆಯಿಂದ ನೇರವಾಗಿ ಪಡೆದು ಟಿಕೆಟ್ ಕೊಡಬೇಕು, ಆ್ಯಪ್ ಬಂದು ಹೇಳಲೆಂದು ಕಾಯಬಾರದು.

ಬಗ್ ಬ್ಯಾಶ್‌ಗೆ ಮಿತಿಯೂ ಇದೆ. ಹಬ್ಬದ ಹಿಂದಿನ ದಿನ ಸಾವಿರಾರು ಜನ ಒಮ್ಮೆಗೇ ಸೀಟು ಹಿಡಿದರೆ ಏನಾಗುತ್ತದೆಂಬುದು ಇಪ್ಪತ್ತು ಜನರಿಂದ ತಿಳಿಯದು. ಅದಕ್ಕೆ ಬೇರೆ ಪರೀಕ್ಷೆ ಬೇಕು. ಕೊನೆ ಗಳಿಗೆಯ ತಿದ್ದುಪಡಿಯೇ ಹೊಸ ತಪ್ಪು ಹುಟ್ಟಿಸುವುದೂ ಉಂಟು. ಹೀಗಾಗಿ ಬಿಡುಗಡೆ ತಡೆಯುವಂಥ ತಪ್ಪು ಯಾವುದು ಎಂಬುದನ್ನು ಬಗ್ ಬ್ಯಾಶ್‌ಗೆ ಮುಂಚೆಯೇ ಬರೆದಿಡಬೇಕು: ಹಣ ನಷ್ಟ, ಮಾಹಿತಿ ಸೋರಿಕೆ, ಟಿಕೆಟ್ ಸಿಗದಿರುವುದು. ಬರೆದಿಡದಿದ್ದರೆ, ದಿನಾಂಕ ಹತ್ತಿರವಾದಂತೆ ಗಂಭೀರ ತಪ್ಪುಗಳೂ ಎರಡನೇ ಗುಂಪಿಗೆ ಜಾರುತ್ತವೆ. ಬರೆದಿಟ್ಟಿದ್ದರೆ ಲೆಕ್ಕಪತ್ರ ವಿಭಾಗದವರ ಆ ಒಂದು ದೂರು ಸರಿಹೋಗುವವರೆಗೆ ಆ್ಯಪ್ ಹೊರಬರುವುದಿಲ್ಲ, ಮುಖಪುಟದ ಚಿತ್ರ ಮೊದಲ ಅಪ್‌ಡೇಟ್‌ವರೆಗೆ ಕಾಯುತ್ತದೆ.